ಕೋರ್ಸಿನ ಮುಂಗಡ ಯಾವಾಗ ಆದಾಯ?

ನಾನು ಜಯನಗರದ ಒಂದು ತರಬೇತಿ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಾರ್ಚ್ ಬಂತೆಂದರೆ ಸೇಲ್ಸ್‌ನವರು ನನ್ನ ಟೇಬಲ್ಲಿಗೆ ಬರುವುದು ಒಂದೇ ಪ್ರಶ್ನೆ ಹೊತ್ತು. 'ಮೇಡಂ, ದುಡ್ಡು ಬ್ಯಾಂಕಿಗೆ ಬಂದಾಗಿದೆ, ವಾಪಸ್ ಕೊಡಲ್ಲ ಅಂತ ಕರಾರಲ್ಲೇ ಇದೆ. ಇನ್ನೂ ಯಾಕೆ ಆದಾಯಕ್ಕೆ ತಗೊಂಡಿಲ್ಲ?' ಅವರ ಟಾರ್ಗೆಟ್ಟು ಅದರ ಮೇಲೇ ನಿಂತಿರುವುದರಿಂದ ಉತ್ತರವನ್ನು ಸರಿಯಾಗಿ ಬಿಡಿಸಿ ಹೇಳಬೇಕಾಗುತ್ತದೆ.

ಒಂದು ಲೆಕ್ಕ ನೋಡಿ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿ ಜನವರಿಯಲ್ಲಿ 20 ಸೀಟು ಕೊಂಡಿತು. ಸೀಟಿಗೆ 25,000, ಒಟ್ಟು 5,00,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 90,000. ಡಿಸೆಂಬರ್ 31ರೊಳಗೆ ಯಾವ ಬ್ಯಾಚಿಗಾದರೂ ತಮ್ಮವರನ್ನು ಕಳಿಸಬಹುದು, ಕಳಿಸದಿದ್ದರೆ ದುಡ್ಡು ವಾಪಸ್ ಇಲ್ಲ. ಟಿಡಿಎಸ್ ವಿಷಯ ಸದ್ಯ ಬದಿಗಿಟ್ಟರೆ, ಬ್ಯಾಂಕಿಗೆ ಬಂದ 5,90,000ದಲ್ಲಿ 90,000 ಸರ್ಕಾರಕ್ಕೆ ಸೇರಬೇಕಾದದ್ದು. ಮಿಕ್ಕ ಐದು ಲಕ್ಷ ಗ್ರಾಹಕರ ಮುಂಗಡ, ಅಂದರೆ ನಮ್ಮ ಹೊಣೆ. ವಾಪಸ್ ಕೊಡುವ ಹಾಗಿಲ್ಲ ಎನ್ನುವ ಷರತ್ತು ದುಡ್ಡು ನಮ್ಮ ಕೈಯಲ್ಲಿ ಉಳಿಯುತ್ತದೆ ಎಂದಷ್ಟೇ ಹೇಳುತ್ತದೆ. 20 ಜನಕ್ಕೆ ಪಾಠ ಹೇಳಬೇಕಾದ ಕೆಲಸ ಅದರಿಂದ ತೀರುವುದಿಲ್ಲ.

ಮಾರ್ಚ್ 31ರ ಹೊತ್ತಿಗೆ 8 ಮಂದಿ ಕೋರ್ಸ್ ಮುಗಿಸಿದ್ದರು. ಅವರ 2,00,000 ಆದಾಯ. ಇನ್ನು 4 ಮಂದಿ ನಡೆಯುತ್ತಿದ್ದ ಬ್ಯಾಚಿನಲ್ಲಿದ್ದರು. ಕೋರ್ಸು 40 ಗಂಟೆಯದು, ಮುಗಿದದ್ದು 10 ಗಂಟೆ. ಪಾಠ ನಡೆದಂತೆಲ್ಲ ಕಲಿಯುವವರಿಗೆ ಅದರ ಪ್ರಯೋಜನ ಸಿಗುತ್ತಾ ಹೋಗುವುದರಿಂದ ತಲಾ ಕಾಲು ಭಾಗ, ಒಟ್ಟು 25,000 ಆದಾಯಕ್ಕೆ ಬಂತು. ಮಿಕ್ಕ 2,75,000 ಮುಂಗಡವಾಗಿಯೇ ಉಳಿಯಿತು. ನಮಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115. ಹಳೆಯ ಎಎಸ್ 9ರಲ್ಲಿ ಲೆಕ್ಕ ಬರೆಯುವ ಚಿಕ್ಕ ಸಂಸ್ಥೆಗಳಿಗೂ ಬೋಧನಾ ಶುಲ್ಕವನ್ನು ಪಾಠ ನಡೆಯುವ ಅವಧಿಗೆ ಹಂಚಬೇಕು ಎಂದೇ ಇದೆ.

ಬ್ಯಾಚಿಗೆ ಸೇರಿದವರು ಒಂದೆರಡು ಕ್ಲಾಸ್ ತಪ್ಪಿಸಿದರೆ? ಸೀಟು ಅವರ ಹೆಸರಲ್ಲಿತ್ತು, ಪಾಠ ನಡೆದಿದೆ, ಆದ್ದರಿಂದ ಆದಾಯ ಆದಾಯವೇ. ಆದರೆ ಮುಂದಿನ ಬ್ಯಾಚಿನಲ್ಲಿ ಪುಕ್ಕಟೆ ಕೂರಬಹುದು ಎಂಬ ಹಕ್ಕು ಕೊಟ್ಟಿದ್ದರೆ ಮಾತು ಬೇರೆ. ಅಲ್ಲಿ ನಮ್ಮ ಕೆಲಸ ಇನ್ನೂ ಬಾಕಿ ಇದೆ. ಹಾಜರಿ ಪುಸ್ತಕಕ್ಕಿಂತ ಮೊದಲು ಕರಾರನ್ನು ಓದಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ನಿಜವಾಗಿ ತಲೆ ಕೆಡಿಸುವುದು ಯಾರೂ ಬಳಸದೆ ಬಿಡುವ ಸೀಟುಗಳು. ಇಂಥ ಕರಾರುಗಳಲ್ಲಿ ಐದರಲ್ಲೊಂದು ಸೀಟು ಖಾಲಿ ಹೋಗುತ್ತದೆಂದು ನಮ್ಮದೇ ಹಳೆಯ ದಾಖಲೆಗಳು ಗಟ್ಟಿಯಾಗಿ ತೋರಿಸಿದರೆ, 20ರಲ್ಲಿ 16 ಮಾತ್ರ ಬಳಕೆಯಾಗುತ್ತದೆಂದು ಅಂದಾಜಿಸಿ ಐದು ಲಕ್ಷವನ್ನು ಆ 16ಕ್ಕೆ ಹಂಚಬಹುದು. ಆಗ ಸೀಟಿಗೆ 31,250 ಆಗುತ್ತದೆ. ಮುಗಿಸಿದ 8, ಕಾಲು ಭಾಗದ 4 ಸೇರಿ 9 ಸೀಟಿನಷ್ಟು ಕೆಲಸವಾಗಿರುವುದರಿಂದ ಮಾರ್ಚ್ ಆದಾಯ 2,25,000ರ ಬದಲು 2,81,250. ಇಲ್ಲಿ ನಾನು ಕೈ ಬಿಗಿ ಹಿಡಿಯುತ್ತೇನೆ. ಈಗ ತೋರಿಸಿದ ಆದಾಯವನ್ನು ಮುಂದೆ ದೊಡ್ಡ ಮಟ್ಟದಲ್ಲಿ ಹಿಂದಕ್ಕೆ ತೆಗೆಯಬೇಕಾಗುವುದಿಲ್ಲ ಎಂಬ ಬಲವಾದ ಭರವಸೆ ಇರಬೇಕು. ನಮಗೆ ಈ ಬಗೆಯ ಕರಾರು ಹೊಸದು, ಹಿಂದಿನ ಅನುಭವವೇ ಇಲ್ಲ. ಹಾಗಾಗಿ ಮೊದಲ ಲೆಕ್ಕವನ್ನೇ ಉಳಿಸಿಕೊಂಡೆವು.

ಜಿಎಸ್‌ಟಿ ಮಾತ್ರ ಈ ದಾರಿಯಲ್ಲಿ ನಡೆಯುವುದಿಲ್ಲ. ಸೇವೆಗೆ ಮುಂಗಡ ಬಂದ ಕೂಡಲೇ ತೆರಿಗೆಯ ಹೊಣೆ ಬರುವುದರಿಂದ ಜನವರಿಯ ರಿಟರ್ನಿನಲ್ಲೇ ಪೂರ್ತಿ 90,000 ಕಟ್ಟಿದೆವು. ರಿಟರ್ನಿನ ಅಂಕಿಗೂ ಪುಸ್ತಕದ ಆದಾಯಕ್ಕೂ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವ್ಯತ್ಯಾಸ ಎಲ್ಲಿಂದ ಬಂತೆಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಆಡಿಟ್ ಹೊತ್ತಿಗೆ ಹುಡುಕಾಟ ತಪ್ಪುತ್ತದೆ.

ಡಿಸೆಂಬರ್ ಹೊತ್ತಿಗೆ 17 ಸೀಟು ಮುಗಿದು 75,000 ಉಳಿದಿತ್ತು. ಗಡುವು ದಾಟಿದರೆ ಅದು ಆದಾಯ. ಆದರೆ ಗಡುವು ನಿಜಕ್ಕೂ ದಾಟಿತೇ ಎಂದು ಅಕೌಂಟ್ಸ್‌ನವರಿಗೆ ಗೊತ್ತಾಗುವ ದಾರಿ ಯಾವುದು? ಹಳೆಯ ಮುಂಗಡಗಳ ಪಟ್ಟಿ ತೆಗೆದು, ಒಂದೊಂದಕ್ಕೂ ಗಡುವು ವಿಸ್ತರಿಸಿದ್ದೀರಾ ಎಂದು ಸೇಲ್ಸ್‌ನಿಂದ ಮೇಲ್‌ನಲ್ಲೇ ಉತ್ತರ ಕೇಳುತ್ತೇನೆ, ಬಾಯಿಮಾತು ಒಪ್ಪುವುದಿಲ್ಲ. ಈ ಗ್ರಾಹಕರಿಗೆ ಮಾರ್ಚ್ 31ರ ತನಕ ಸಮಯ ಕೊಟ್ಟಿದ್ದ ಮೇಲ್ ಹಾಗೇ ಹೊರಬಂತು. ಹಾಗಾಗಿ ಡಿಸೆಂಬರ್ ಲೆಕ್ಕದಲ್ಲಿ 75,000 ಮುಂಗಡವಾಗಿಯೇ ಮುಂದುವರಿಯಿತು. ಫೆಬ್ರವರಿ ಬ್ಯಾಚಿಗೆ ಇಬ್ಬರು ಬಂದು ಕೋರ್ಸ್ ಮುಗಿಸಿದರು, ಅವರ 50,000 ಪಾಠದ ಜೊತೆಗೇ ಆದಾಯವಾಯಿತು. ಕೊನೆಯ ಸೀಟಿಗೆ ಯಾರೂ ಬರಲಿಲ್ಲ, ಮತ್ತೆ ವಿಸ್ತರಣೆಯೂ ಇಲ್ಲವೆಂದು ಲಿಖಿತವಾಗಿ ಖಚಿತವಾದ ಮೇಲೆ ಆ 25,000ವನ್ನು ಮಾರ್ಚ್ 31ರ ತಾರೀಖಿಗೆ ಆದಾಯಕ್ಕೆ ತೆಗೆದುಕೊಂಡೆ.