‘ಮಾಡುತ್ತೇವೆ’, ‘ಆಗಬೇಕು’, ‘ಪ್ರಯತ್ನಿಸುತ್ತೇವೆ’: ಯಾವುದನ್ನು ಎಲ್ಲಿ ಬರೆಯುವುದು

“‘ಮಾಡುತ್ತೇವೆ’ ಎಂದು ಬರೆದರೆ ನಾಳೆ ನಾವೇ ಸಿಕ್ಕಿಬೀಳುತ್ತೇವೆ, ‘ಪ್ರಯತ್ನಿಸುತ್ತೇವೆ’ ಎಂದು ಬರೆದರೆ ಓದುವವರಿಗೆ ನಂಬಿಕೆ ಬರುವುದಿಲ್ಲ. ಹಾಗಾದರೆ ಏನು ಬರೆಯುವುದು?”

ಸಾಫ್ಟ್‌ವೇರ್ ಸೇವೆಯೊಂದರಿಂದ ಗ್ರಾಹಕರಿಗೆ ಹೋಗುವ ಪತ್ರಗಳನ್ನು ತಿದ್ದುವುದು ನನ್ನ ಕೆಲಸ. ಆ ಪತ್ರಗಳನ್ನು ಬರೆಯುವವರು ನನ್ನನ್ನು ಕೇಳುವ ಪ್ರಶ್ನೆ ಇದು. ಇಂಥ ಪತ್ರ ಕೈಗೆ ಬಂದಾಗ ನಾನು ಮೊದಲು ಕ್ರಿಯಾಪದವನ್ನು ಮುಟ್ಟುವುದಿಲ್ಲ. ಈ ವಾಕ್ಯದಲ್ಲಿ ನಿಮ್ಮ ಕೈಯಲ್ಲಿರುವುದು ಎಷ್ಟು, ಇಲ್ಲದಿರುವುದು ಎಷ್ಟು ಎಂದು ಬರೆದವರನ್ನು ಕೇಳುತ್ತೇನೆ. ಬಹುತೇಕ ಸಲ ಬರುವ ಉತ್ತರದಿಂದ ತಿಳಿಯುವುದೇನೆಂದರೆ, ಒಂದೇ ವಾಕ್ಯದೊಳಗೆ ಎರಡು ಮೂರು ಬೇರೆ ಬೇರೆ ಸಂಗತಿಗಳು ತುಂಬಿಕೊಂಡಿವೆ ಮತ್ತು ಅವುಗಳಲ್ಲಿ ಅತ್ಯಂತ ಅನಿಶ್ಚಿತವಾದುದಕ್ಕೆ ಹೊಂದುವ ಕ್ರಿಯಾಪದವನ್ನು ಎಲ್ಲಕ್ಕೂ ಹಚ್ಚಲಾಗಿದೆ.

ಒಂದು ಪ್ರಸಂಗವನ್ನು ಪೂರ್ತಿಯಾಗಿಯೇ ನೋಡೋಣ. ಬೆಳಿಗ್ಗೆ 11.30ಕ್ಕೆ ಸರ್ವರ್‌ನ ಡಿಸ್ಕ್ ಕೆಟ್ಟು ಗ್ರಾಹಕರ ದಾಖಲೆಗಳು ಹೋಗಿವೆ ಎಂದಿಟ್ಟುಕೊಳ್ಳಿ. ಅದೇ ದಿನ ನಸುಕಿನ 2 ಗಂಟೆಗೆ ತೆಗೆದ ಬ್ಯಾಕಪ್ ಪ್ರತಿ ಇದೆ. ಮಧ್ಯಾಹ್ನ 1 ಗಂಟೆಗೆ ಹೋಗಬೇಕಾದ ಪತ್ರದ ಕರಡು ಹೀಗಿದೆ: “ತಮ್ಮ ಎಲ್ಲ ದಾಖಲೆಗಳನ್ನು ಶೀಘ್ರವೇ ಮರಳಿಸಲು ಪ್ರಯತ್ನಿಸಲಾಗುವುದು.” ಇದನ್ನು ಓದಿದವರಿಗೆ ಎಲ್ಲವೂ ಹೋಗಿರಬಹುದೆಂಬ ಭಯ ಹುಟ್ಟುತ್ತದೆ; ಎಲ್ಲವೂ ಸಿಗಬಹುದೆಂಬ ಆಸೆಯೂ ಹುಟ್ಟುತ್ತದೆ. ಎರಡೂ ತಪ್ಪು. ‘ಪ್ರಯತ್ನಿಸಲಾಗುವುದು’ ಎಂಬ ರೂಪದಲ್ಲಿ ಕರ್ತೃವೇ ಇಲ್ಲದಿರುವುದರಿಂದ, ಪ್ರಯತ್ನಿಸುವವರು ಯಾರು ಎಂಬುದೂ ಓದುಗರಿಗೆ ತಿಳಿಯುವುದಿಲ್ಲ.

ಕೆಲಸ ಮಾಡುತ್ತಿರುವವರನ್ನು ಕೇಳಿದರೆ ಚಿತ್ರ ಬೇರೆಯಾಗುತ್ತದೆ. ಬ್ಯಾಕಪ್ ಪ್ರತಿಯನ್ನು ಅವರು ಬೇರೊಂದು ಯಂತ್ರದಲ್ಲಿ ತೆರೆದು, ದಾಖಲೆಗಳ ಸಂಖ್ಯೆಯನ್ನು ತಾಳೆ ನೋಡಿದ್ದಾರೆ. ಹಾಗಾಗಿ 2 ಗಂಟೆಯವರೆಗಿನದು ಸಿಕ್ಕೇ ಸಿಗುತ್ತದೆ. ಇಲ್ಲಿ ‘ಮರಳಿಸುತ್ತೇವೆ’ ಎಂದು ಧೈರ್ಯವಾಗಿ ಬರೆಯಬಹುದು. (ತೆರೆದೇ ನೋಡದ ಬ್ಯಾಕಪ್ ಆಗಿದ್ದರೆ ಆ ಪದಕ್ಕೆ ನಾನು ಒಪ್ಪುತ್ತಿರಲಿಲ್ಲ. ಪ್ರತಿ ಇದೆ ಎಂಬುದೂ ಪ್ರತಿ ತೆರೆಯುತ್ತದೆ ಎಂಬುದೂ ಎರಡು ಬೇರೆ ಮಾತುಗಳು.) ಮರಳಿಸುವ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಮಾತ್ರ ಅವರ ಕೈಯಲ್ಲಿ ಪೂರ್ತಿಯಾಗಿಲ್ಲ; ಹಿಂದೆ ಪರೀಕ್ಷೆಗೆಂದು ಮಾಡಿದಾಗ 3 ಗಂಟೆ ಹಿಡಿದಿತ್ತು. 2ರಿಂದ 11.30ರವರೆಗಿನ ಒಂಬತ್ತೂವರೆ ಗಂಟೆಗಳ ನಮೂದುಗಳು ಬ್ಯಾಕಪ್‌ನಲ್ಲಿ ಇಲ್ಲವೇ ಇಲ್ಲ. ಲಾಗ್ ಕಡತಗಳಿಂದ ಬರಹದ ನಮೂದುಗಳು ಸಿಗಬಹುದು, ಲಗತ್ತಿಸಿದ ಚಿತ್ರಗಳು ಸಿಗುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಪತ್ರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ: “ಇಂದು ನಸುಕಿನ 2 ಗಂಟೆಯವರೆಗಿನ ನಿಮ್ಮ ಎಲ್ಲ ದಾಖಲೆಗಳನ್ನು ಮರಳಿಸುತ್ತೇವೆ. ಮಧ್ಯಾಹ್ನ 2ಕ್ಕೆ ಈ ಕೆಲಸ ಆರಂಭಿಸುತ್ತೇವೆ. ಹಿಂದಿನ ಪರೀಕ್ಷೆಯಲ್ಲಿ ಇದಕ್ಕೆ 3 ಗಂಟೆ ಹಿಡಿದಿದ್ದರಿಂದ ಸಂಜೆ 6ರೊಳಗೆ ಮುಗಿಯುವ ನಿರೀಕ್ಷೆಯಿದೆ. ಮುಗಿಯದಿದ್ದರೆ 6 ಗಂಟೆಗೆ ಹೊಸ ಸಮಯವನ್ನು ತಿಳಿಸುತ್ತೇವೆ. ನಸುಕಿನ 2ರಿಂದ ಬೆಳಿಗ್ಗೆ 11.30ರ ನಡುವೆ ನೀವು ಸೇರಿಸಿದ ಬರಹದ ನಮೂದುಗಳನ್ನು ಲಾಗ್ ಕಡತಗಳಿಂದ ಹೊರತೆಗೆಯಲು ನಾಳೆ ಮಧ್ಯಾಹ್ನ 12ರವರೆಗೆ ಪ್ರಯತ್ನಿಸುತ್ತೇವೆ. ಫಲ ಏನೇ ಇದ್ದರೂ ಆ ಹೊತ್ತಿಗೆ ಬರೆದು ತಿಳಿಸುತ್ತೇವೆ. ಆ ಅವಧಿಯ ಚಿತ್ರಗಳನ್ನು ಮರಳಿಸಲು ಸಾಧ್ಯವಿಲ್ಲ, ಅವುಗಳನ್ನು ನೀವು ಮತ್ತೆ ಸೇರಿಸಬೇಕು.”

ಈ ಪತ್ರದಲ್ಲಿ ‘ಪ್ರಯತ್ನಿಸುತ್ತೇವೆ’ ಎಂಬ ಪದ ಹಾಗೆಯೇ ಉಳಿದಿದೆ. ಆ ಪದದ ಮೇಲೆ ನನಗೆ ದ್ವೇಷವಿಲ್ಲ. ಏನು ಮಾಡಿ ಪ್ರಯತ್ನಿಸುತ್ತೀರಿ, ಯಾವಾಗ ನಿಲ್ಲಿಸುತ್ತೀರಿ ಎಂಬುದಿಲ್ಲದೆ ಅದು ಒಂಟಿಯಾಗಿ ನಿಂತಾಗ ಮಾತ್ರ ಓದುಗರು ಅದನ್ನು ನಯವಾದ ‘ಇಲ್ಲ’ ಎಂದು ತಿಳಿಯುತ್ತಾರೆ. ‘ನೋಡೋಣ’ ಎಂಬುದನ್ನು ನಾವೆಲ್ಲ ಹಾಗೆಯೇ ತಿಳಿಯುತ್ತೇವಲ್ಲವೇ? ಪ್ರಯತ್ನದ ಫಲಕ್ಕೆ ಮಾತು ಕೊಡಲಾಗದಿದ್ದರೂ, ಪ್ರಯತ್ನದ ಕೊನೆಯ ಗಂಟೆಗೂ ಅಂದು ಬರೆಯುವ ಪತ್ರಕ್ಕೂ ಮಾತು ಕೊಡಬಹುದು. ಅವೆರಡೂ ನಮ್ಮ ಕೈಯಲ್ಲೇ ಇವೆ.

ನನಗೆ ಅತಿ ಹೆಚ್ಚು ತಿದ್ದುವ ಕೆಲಸ ಕೊಡುವುದು ‘ಬೇಕು’. ಇಂಗ್ಲಿಷಿನ ‘ಶುಡ್’ ನಿರೀಕ್ಷೆಯನ್ನೂ ಹೇಳುತ್ತದೆ, ಸಲಹೆಯನ್ನೂ ಹೇಳುತ್ತದೆ. ಅದನ್ನು ಕಣ್ಣುಮುಚ್ಚಿ ‘ಬೇಕು’, ‘ಬಾರದು’ ಎಂದು ತಂದರೆ ಕನ್ನಡದಲ್ಲಿ ಬೇರೆಯೇ ಅರ್ಥ ಬರುತ್ತದೆ. ಆವೃತ್ತಿ ಬದಲಾವಣೆಯ ಸೂಚನೆಯೊಂದರಲ್ಲಿ “ಇದರಿಂದ ನಿಮ್ಮ ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗಬಾರದು” ಎಂಬ ವಾಕ್ಯವನ್ನು ನಾನು ಕಂಡಿದ್ದೇನೆ. ಬರೆದವರ ಮನಸ್ಸಿನಲ್ಲಿದ್ದುದು ‘ಅಳಿಸುವುದಿಲ್ಲವೆಂದು ನಂಬಿದ್ದೇವೆ’ ಎಂಬುದು. ಓದುವವರಿಗೆ ಕೇಳಿಸುವುದು ಸೆಟ್ಟಿಂಗ್‌ಗಳಿಗೆ ಕೊಟ್ಟ ಅಪ್ಪಣೆ, ಇಲ್ಲವೇ ಬರೆದವರ ಪ್ರಾರ್ಥನೆ. ಕನ್ನಡದ ‘ಬೇಕು’ ಕೂಡ ಊಹೆಯನ್ನು ಹೇಳಬಲ್ಲದು, ‘ಇಷ್ಟು ಹೊತ್ತಿಗೆ ತಲುಪಿರಬೇಕು’ ಎನ್ನುತ್ತೇವೆ. ಆದರೆ ಅಲ್ಲಿ ನಾವು ಊಹಿಸುವುದು ಆಗಿಹೋದುದನ್ನು. ಮುಂದೆ ಆಗುವುದರ ಬಗ್ಗೆ ‘ಸಂಜೆಯೊಳಗೆ ಮುಗಿಯಬೇಕು’ ಎಂದರೆ ಅದು ಗಡುವೋ ಊಹೆಯೋ ತಿಳಿಯುವುದಿಲ್ಲ. ಅದಕ್ಕೇ ನಾನು ‘ಬೇಕು’ವನ್ನು ಓದುಗರು ಮಾಡಲೇಬೇಕಾದ ಕೆಲಸಕ್ಕೆ ಮಾತ್ರ ಮೀಸಲಿಟ್ಟು, ನಮ್ಮ ಅಂದಾಜಿಗೆ ‘ನಿರೀಕ್ಷೆಯಿದೆ’ ಎಂಬುದನ್ನು ಕಾರಣಸಹಿತ ಬಳಸುತ್ತೇನೆ.

ಅಂತರಜಾಲದ ತಾಂತ್ರಿಕ ಮಾನದಂಡಗಳನ್ನು ಬರೆಯುವವರು ಈ ತೊಡಕನ್ನು ಎಂದೋ ಕಂಡಿದ್ದರು. 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ‘ಮಸ್ಟ್’ ಎಂದರೆ ಕಡ್ಡಾಯ ಎಂದೂ, ‘ಶುಡ್’ ಎಂದರೆ ತಕ್ಕ ಕಾರಣವಿದ್ದರೆ ಪರಿಣಾಮವನ್ನು ಪೂರ್ತಿ ಅರಿತು ಬಿಡಬಹುದಾದ ಶಿಫಾರಸು ಎಂದೂ ವಿಂಗಡಿಸಿತು. ಎರಡನ್ನೂ ‘ಬೇಕು’ ಎಂದೇ ಅನುವಾದಿಸಿದರೆ ಆ ವಿಂಗಡಣೆ ಅಲ್ಲೇ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಕಡ್ಡಾಯ’, ಎರಡನೆಯದಕ್ಕೆ ‘ಮಾಡುವುದು ಒಳ್ಳೆಯದು’ ಸಾಕು.

ಕನ್ನಡದ ‘ಮಾಡುತ್ತೇವೆ’ಯಲ್ಲಿಯೂ ಒಂದು ಸಿಕ್ಕು ಇದೆ. “ದೂರುಗಳಿಗೆ 2 ದಿನಗಳಲ್ಲಿ ಉತ್ತರಿಸುತ್ತೇವೆ” ಎಂಬುದು ರೂಢಿಯ ಮಾತೂ ಆಗಬಹುದು, ಈ ದೂರಿಗೆ ಕೊಟ್ಟ ಭರವಸೆಯೂ ಆಗಬಹುದು. ಬರೆದವರು ರೂಢಿಯನ್ನು ಹೇಳಿರುತ್ತಾರೆ, ಓದಿದವರು ಭರವಸೆಯನ್ನು ಹಿಡಿದುಕೊಂಡು ಕಾಯುತ್ತಾರೆ. ‘ನಿಮ್ಮ ಈ ದೂರಿಗೆ ಬುಧವಾರ ಸಂಜೆ 5ರೊಳಗೆ’ ಎಂದು ದಿನವನ್ನೇ ಇಟ್ಟರೆ ಅದು ಭರವಸೆ. ‘ಸಾಮಾನ್ಯವಾಗಿ’ ಎಂದು ಸೇರಿಸಿದರೆ ರೂಢಿ.

ಪತ್ರ ಸರಿಯಾಗಿದೆಯೇ ಎಂದು ನೋಡಲು, ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಅದನ್ನು ಓದಲು ಕೊಟ್ಟು, ಎಷ್ಟು ಗಂಟೆಗೆ ಏನಾಗದಿದ್ದರೆ ನಿಮಗೆ ಸಿಟ್ಟು ಬರುತ್ತದೆ ಎಂದು ಕೇಳುತ್ತೇನೆ. ಹಳೆಯ ಕರಡಿಗೆ ಯಾರೂ ಗಂಟೆಯನ್ನು ಹೇಳಲಾರರು. ಹೊಸದಕ್ಕೆ ‘ಸಂಜೆ 6ಕ್ಕೆ ದಾಖಲೆಯೂ ಬರದೆ, ಸುದ್ದಿಯೂ ಬರದಿದ್ದರೆ’ ಎಂಬ ಉತ್ತರ ಬರಬೇಕು. ‘6ಕ್ಕೆ ದಾಖಲೆ ಬರದಿದ್ದರೆ’ ಎಂದಷ್ಟೇ ಹೇಳಿದರೆ, ನಿರೀಕ್ಷೆಯ ಮಾತು ಭರವಸೆಯಂತೆ ಕೇಳಿಸಿದೆ ಎಂದರ್ಥ. ಆಗ ‘ಮುಗಿಯದಿದ್ದರೆ’ ಎಂಬ ವಾಕ್ಯವನ್ನು ಸಮಯಕ್ಕಿಂತ ಮೊದಲು ತರುತ್ತೇನೆ.