ಕವರ್ ಲೆಟರ್‌ಗೆ ಎಐ ಡಿಟೆಕ್ಟರ್ ಹಾಕಬೇಕಾ?

“ಕೆಲಸಕ್ಕೆ ಅರ್ಜಿ ಹಾಕಿದವರ ಕವರ್ ಲೆಟರ್‌ಗಳನ್ನೆಲ್ಲ, ಬರೆದದ್ದು ಮನುಷ್ಯರೋ ಎಐಯೋ ಅಂತ ಹೇಳುವ ಎಐ ಡಿಟೆಕ್ಟರ್‌ಗೆ ಹಾಕಿ, ಸಿಕ್ಕಿಬಿದ್ದವರನ್ನು ಕೈಬಿಟ್ಟರೆ ಆಯ್ತಲ್ವಾ? ಅದರಲ್ಲಿ ಅನ್ಯಾಯ ಏನಿದೆ?”

ಇದೆ. ಅದೂ ಎಲ್ಲರಿಗೂ ಒಂದೇ ತರ ಆಗುವ ಅನ್ಯಾಯ ಅಲ್ಲ. ಇಂಗ್ಲಿಷನ್ನು ಶಾಲೆಯ ಪುಸ್ತಕದಲ್ಲಿ ಕಲಿತವರಿಗೇ ಪೆಟ್ಟು ಜಾಸ್ತಿ.

ಇಂಥ ಎಷ್ಟೋ ಟೂಲ್‌ಗಳು ನೋಡುವುದು, ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು. ತೀರಾ ಸುಲಭ ಅನ್ನಿಸಿದರೆ ಯಂತ್ರದ ಬರಹ ಅಂತ ಹೇಳಿಬಿಡುತ್ತವೆ. ಈಗ ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ಯುವರ್ ಅಡ್ವರ್ಟೈಸ್‌ಮೆಂಟ್’ ಅಂತ ಶುರುವಾಗುವ ಪತ್ರ ತೆಗೆದುಕೊಳ್ಳಿ. ಮುಂದೇನು ಬರುತ್ತೆ ಅಂತ ನಿಮಗೇ ಗೊತ್ತು. ನಮ್ಮ ಮೇಷ್ಟ್ರು ಉರು ಹೊಡೆಸಿದ ಅದೇ ಸಾಲುಗಳು. ತಪ್ಪಾಗಬಾರದು ಅಂತ ಗೊತ್ತಿರುವ ಪದಗಳನ್ನೇ ಬಳಸಿ, ಜೋಪಾನವಾಗಿ ಬರೆದದ್ದು. ಟೂಲ್‌ಗೆ ಅನುಮಾನ ಬರುವುದು ಆ ಜೋಪಾನದ ಮೇಲೇ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇದನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳಿಗೆ ‘ಎಐ’ ಅನ್ನುವ ಮುದ್ರೆ ಬಿತ್ತು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳು ಮಾತ್ರ ಹೆಚ್ಚುಕಮ್ಮಿ ಎಲ್ಲವೂ ಪಾಸು. ತಮಾಷೆ ಇರುವುದು ಮುಂದೆ: ಅದೇ ಟೋಫೆಲ್ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದಲೇ ಚಂದ ಮಾಡಿಸಿದಾಗ ಅನುಮಾನ ತುಂಬಾ ಕಡಿಮೆಯಾಯಿತು!

ಇನ್ನು ಲೆಕ್ಕ. ಓಪನ್‌ಎಐ ತನ್ನದೇ ಡಿಟೆಕ್ಟರ್ ತಂದಾಗ, ಅದು ಎಐ ಬರಹದಲ್ಲಿ 26% ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ 9% ತಪ್ಪಾಗಿ ಹಿಡಿಯುತ್ತದೆ ಅಂತ ತಾನೇ ಹೇಳಿತ್ತು. ನಿಮಗೆ 200 ಪತ್ರ ಬಂದಿವೆ, 50 ಎಐನವು ಅಂದುಕೊಳ್ಳಿ. ಆ 50ರಲ್ಲಿ ಸಿಗುವುದು 13. ಉಳಿದ 150 ಜನ ಸ್ವಂತ ಬರೆದವರಲ್ಲೂ ಹೆಚ್ಚುಕಮ್ಮಿ 13 ಜನ ಸಿಕ್ಕಿಬೀಳುತ್ತಾರೆ. ಅಂದರೆ ನೀವು ಕೈಬಿಟ್ಟವರಲ್ಲಿ ಅರ್ಧ ಜನ ನಿರಪರಾಧಿಗಳು, 37 ಎಐ ಪತ್ರಗಳು ಆರಾಮಾಗಿ ಒಳಗೆ. ನಿಖರತೆ ಸಾಲದು ಅಂತ ಕಂಪನಿಯೇ 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಈಗಿನ ಟೂಲ್‌ಗಳು ಅದಕ್ಕಿಂತ ಚೆನ್ನಾಗಿವೆ ಅನ್ನುವವರಿದ್ದಾರೆ. ಇರಬಹುದು. ಆದರೆ ನಿಮಗೆ ಬರುವಂಥ ಪತ್ರಗಳ ಮೇಲೆ ಅದನ್ನು ಪರೀಕ್ಷಿಸಿದ್ದಾರಾ ಅಂತ ಕೇಳಿ ನೋಡಿ.

ನನಗೆ ಜಾಸ್ತಿ ಬೇಸರ ತರಿಸುವುದು ಬೇರೆ. ಕಾಲೇಜಲ್ಲಿ ನಕಲು ಅಂತ ಆರೋಪ ಬಂದರೆ ಹುಡುಗ ವಾದ ಮಾಡಬಹುದು. ಇಲ್ಲಿ ಕಾರಣವನ್ನೇ ಹೇಳುವುದಿಲ್ಲ. ಒಂದು ಸಾಲಿನ ಮೇಲ್ ಬರುತ್ತದೆ, ಎಷ್ಟೋ ಸಲ ಅದೂ ಇಲ್ಲ.

ಹಾಗಂತ ಬಂದ ಪತ್ರವನ್ನೆಲ್ಲ ಕಣ್ಮುಚ್ಚಿ ನಂಬಬೇಕಿಲ್ಲ. ಎಐ ಎಷ್ಟು ಬಳಸಬಹುದು ಅಂತ ಜಾಹೀರಾತಿನಲ್ಲೇ ಬರೆಯಿರಿ. ಆಮೇಲೆ ಶಾರ್ಟ್‌ಲಿಸ್ಟ್ ಆದ ಎಲ್ಲರನ್ನೂ, ಅನುಮಾನ ಬಂದವರನ್ನಷ್ಟೇ ಅಲ್ಲ, ಹತ್ತು ನಿಮಿಷ ಕೂರಿಸಿ ಅವರದೇ ಪತ್ರದ ಬಗ್ಗೆ ಕೇಳಿ: ಈ ಪ್ಯಾರಾ ಯಾಕೆ ಮೊದಲು ಬಂತು, ಅರ್ಧಕ್ಕೆ ಇಳಿಸಬೇಕಾದರೆ ಯಾವುದನ್ನು ತೆಗೆಯುತ್ತೀರಿ? ಕನ್ನಡದಲ್ಲೇ ಉತ್ತರ ಕೊಡುತ್ತೇನೆ ಅಂದರೆ ಕೊಡಲಿ ಬಿಡಿ.