ಮೂರು ರೂಪಾಯಿ ಬಡ್ಡಿ ತೀರಿಸೋಕೆ ಪಿಎಫ್ ಮುಟ್ಟಬಹುದಾ?

"ಅಣ್ಣಾ, ಪಿಎಫ್‌ನಲ್ಲಿ ಸುಮ್ನೆ ಬಿದ್ದಿರೋ ದುಡ್ಡು ತೆಗೆದು ಸಾಲ ತೀರಿಸಿಬಿಡ್ಲಾ?"

ಯಾವ ಸಾಲ, ಎಷ್ಟು ಬಡ್ಡಿ ಅಂತ ಮೊದಲು ಹೇಳಿ. ಹೋಮ್ ಲೋನ್ ಆದರೆ ಬೇಡ. ಅದರ ಬಡ್ಡಿಯೂ ಪಿಎಫ್ ಕೊಡುವ ಬಡ್ಡಿಯೂ ಹೆಚ್ಚುಕಮ್ಮಿ ಒಂದೇ, ಸುಮ್ನೆ ಅರ್ಜಿ ಹಾಕಿದ್ದಷ್ಟೇ ಲಾಭ. ಕೈಸಾಲ ಆದರೆ ಲೆಕ್ಕ ಬೇರೆ.

ನನ್ನ ಭಾಮೈದ ಕೋಲಾರದ ಹತ್ತಿರ ನರಸಾಪುರದಲ್ಲಿ ಕೆಲಸ ಮಾಡುತ್ತಾನೆ. ವಯಸ್ಸು 38. ಊರಲ್ಲಿ ಬೋರ್ ಹಾಕಿಸಿದ, ಮೊದಲನೆಯದರಲ್ಲಿ ಬರೀ ಧೂಳು, ಎರಡನೆಯದಕ್ಕೆ ಎರಡು ಲಕ್ಷ ಕೈಸಾಲ, ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 6,000 ರೂಪಾಯಿ ಬಡ್ಡಿಗೇ ಹೋಗುತ್ತೆ, ಅಸಲು ಅಲ್ಲೇ ಇರುತ್ತೆ. ಇಂಥ ಸಾಲಕ್ಕೆ ಪಿಎಫ್ ತೆಗೆದಿದ್ದು ಸರಿ ಅಂತಲೇ ನಾನು ಹೇಳಿದ್ದು.

ಆದರೆ ಇದನ್ನು ಎಲ್ಲರೂ 'ಪಿಎಫ್ ಲೋನ್' ಅಂತಾರಲ್ಲ, ಅಲ್ಲೇ ತಪ್ಪೋದು. ಇದು ಅಡ್ವಾನ್ಸ್. ಕಂತು ಇಲ್ಲ, ಯಾರೂ ವಾಪಸ್ ಕೇಳಲ್ಲ. ಕೇಳದೇ ಇರೋದ್ರಿಂದಲೇ ಪಿಎಫ್‌ನಲ್ಲಿ ಬಿದ್ದ ಗುಂಡಿ ಹಾಗೇ ಉಳಿದುಬಿಡುತ್ತೆ. ಇತ್ತೀಚಿನ 8.25 ಪರ್ಸೆಂಟ್ ಬಡ್ಡಿಯೇ ಮುಂದೂ ಸಿಕ್ಕಿದರೆ, ಅವನ ಎರಡು ಲಕ್ಷ 58ನೇ ವಯಸ್ಸಿಗೆ ಸುಮಾರು ಒಂಬತ್ತೂಮುಕ್ಕಾಲು ಲಕ್ಷ ಆಗಬೇಕಿತ್ತು.

ಗುಂಡಿ ಮುಚ್ಚೋಕೆ ದಾರಿ ಇದೆ. ಕಂಪನಿಯ ಎಚ್‌ಆರ್‌ಗೆ ಒಂದು ಪತ್ರ ಕೊಟ್ಟು, ಸಂಬಳದಿಂದ ಹಿಡಿಯುವ ಪಿಎಫ್ ಜಾಸ್ತಿ ಮಾಡಿಸೋದು. ಇದಕ್ಕೆ ವಿಪಿಎಫ್ ಅಂತಾರೆ, ಬಡ್ಡಿ ಪಿಎಫ್‌ನದೇ. ಹೆಚ್ಚಿನ ಕಂಪನಿಗಳು ಏಪ್ರಿಲ್‌ನಿಂದ ಶುರು ಮಾಡುತ್ತವೆ, ಅದಕ್ಕೇ ಮೊದಲೇ ಕೇಳಿಟ್ಟುಕೊಳ್ಳಿ. ಬಡ್ಡಿಗೆ ಹೋಗುತ್ತಿದ್ದ ಆ 6,000 ಪೂರ್ತಿ ಹಾಕಿದರೆ, ತೆಗೆದ ದುಡ್ಡೂ ಅದಕ್ಕೆ ಬರಬೇಕಿದ್ದ ಬಡ್ಡಿಯೂ ಮೂರು ವರ್ಷ ಎರಡು ತಿಂಗಳಲ್ಲಿ ಸರಿಹೋಗುತ್ತೆ. ಸಾಲ ತೀರಿದ ತಿಂಗಳೇ ಪತ್ರ ಕೊಡಬೇಕು. ಕೈಗೆ ಬಂದ ಆರು ಸಾವಿರ ಎರಡು ತಿಂಗಳು ಮನೆಯಲ್ಲಿ ಓಡಾಡಿದರೆ ಮುಗೀತು, ಅದಕ್ಕೆ ಹೊಸ ಖರ್ಚು ಹುಟ್ಟಿಕೊಳ್ಳುತ್ತೆ.

ಇನ್ನೊಂದು. ಪೂರ್ತಿ ದುಡ್ಡು ಸಿಗಲಿ ಅಂತ ಕೆಲಸವನ್ನೇ ಬಿಟ್ಟು, ಪಿಎಫ್ ಪೂರ್ತಿ ತೆಗೆಯುವ ಫಾರಂ 19ರ ಜೊತೆ 10ಸಿ ಕೂಡ ಹಾಕುವವರಿದ್ದಾರೆ. 10ಸಿ ಅಂದರೆ ಪೆನ್ಷನ್ ದುಡ್ಡು. ಪೆನ್ಷನ್‌ಗೆ ಹತ್ತು ವರ್ಷ ಸರ್ವಿಸ್ ಬೇಕು, ಎಂಟನೇ ವರ್ಷಕ್ಕೆ ಅದನ್ನು ತೆಗೆದರೆ ಆ ಎಂಟೂ ಲೆಕ್ಕದಿಂದ ಹೋಗುತ್ತೆ, ಮುಂದಿನ ಕೆಲಸದಲ್ಲಿ ಸೊನ್ನೆಯಿಂದ ಶುರು. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ.

ಭಾಮೈದ ಪತ್ರ ಕೊಟ್ಟ. ಹೋದ ತಿಂಗಳು ಪೇಸ್ಲಿಪ್ ತೋರಿಸಿದ, ವಿಪಿಎಫ್ 4,000 ಅಂತ ಇತ್ತು. ಉಳಿದ ಎರಡು ಸಾವಿರ ಎಲ್ಲೋ ಅಂದೆ. "ಮೋಟರ್ ಸುಟ್ಟೋಯ್ತು ಭಾವ, ರಿವೈಂಡಿಂಗ್‌ಗೆ ಎತ್ತಿದ ಚೀಟಿ ಕಟ್ತಾ ಇದೀನಿ" ಅಂದ. ನಾಲ್ಕು ಸಾವಿರದ ಲೆಕ್ಕದಲ್ಲಿ ಐದು ವರ್ಷದ ಮೇಲಾಗುತ್ತೆ ಅಂತ ಅಲ್ಲೇ ಪೇಸ್ಲಿಪ್ ಹಿಂದೆ ಬರೆದುಕೊಟ್ಟೆ.